ಅರ್ಥ ಹೊಂದಿಕೊಂಡರೇ ಅಪಾಯ: ಫ್ರೆಂಚಿನ ಸುಳ್ಳು ಗೆಳೆಯರು

ಈ ಮಾತಿನ ಕರಪತ್ರದ ಮೇಲೆ ದೊಡ್ಡದಾಗಿ ‘ಉಪನ್ಯಾಸ’ ಎಂದು ಅಚ್ಚಾಗಿತ್ತು. ಹಿಂದಿ ಮಾತ್ರ ಬಲ್ಲ ಒಬ್ಬರಿಗೆ ಆ ಪದವನ್ನು ಓದಿ ಹೇಳಿದ್ದರೆ, ಯಾರೋ ಕಾದಂಬರಿ ಓದುತ್ತಾರೆ ಎಂದುಕೊಂಡು ಬಂದು ಕೂರುತ್ತಿದ್ದರು. ಹಿಂದಿಯಲ್ಲಿ ಉಪನ್ಯಾಸ ಎಂದರೆ ಕಾದಂಬರಿ. ಪದ ಒಂದೇ, ಮೂಲವೂ ಒಂದೇ, ಅರ್ಥ ಮಾತ್ರ ಬೇರೆ ದಾರಿ ಹಿಡಿದಿದೆ. ಸಭೆಯಲ್ಲಿ ಇದನ್ನು ಹೇಳಿದಾಗ ಒಂದಿಬ್ಬರು ನಕ್ಕರು. ನನಗೂ ಅಲ್ಲಿಂದಲೇ ಶುರು ಮಾಡೋದು ಸುಲಭವಾಯಿತು.

ಇಂಥ ಪದಗಳನ್ನು ಫ್ರೆಂಚಿನಲ್ಲಿ ‘ಫೋಝಾಮಿ’ ಎನ್ನುತ್ತಾರೆ. ಸುಳ್ಳು ಗೆಳೆಯರು ಎಂದು ಅರ್ಥ. ಮಾಕ್ಸಿಮ್ ಕೆಸ್ಲರ್ ಮತ್ತು ಜ್ಯೂಲ್ ದೆರೊಕಿನ್ಯಿ ಎಂಬ ಇಬ್ಬರು 1928ರಲ್ಲಿ ಇದೇ ಹೆಸರಿಟ್ಟು ಒಂದು ಪುಸ್ತಕ ತಂದರು. ಹೆಸರು ಅಲ್ಲಿಂದ ನಿಂತುಬಿಟ್ಟಿತು. ಅವರ ಚಿಂತೆ ಇದ್ದದ್ದು ಇಂಗ್ಲಿಷ್ ಪದಗಳು ಫ್ರೆಂಚರಿಗೆ ಮಾಡುವ ಮೋಸದ ಬಗ್ಗೆ. ನಾನು ಮಾತಾಡುವುದು ಅದರ ತಿರುವುಮುರುವು: ಇಂಗ್ಲಿಷ್ ಬಲ್ಲವರು ಫ್ರೆಂಚ್ ಓದುವಾಗ ಬೀಳುವ ಹಳ್ಳಗಳ ಬಗ್ಗೆ. ನಮ್ಮಲ್ಲಿ ಬಹಳಷ್ಟು ಜನ ಫ್ರೆಂಚ್ ಕಲಿಯುವುದು ಇಂಗ್ಲಿಷ್ ಪುಸ್ತಕ ಇಟ್ಟುಕೊಂಡೇ. ಹಾಗಾಗಿ ಆ ಹಳ್ಳ ನಮ್ಮದೂ ಹೌದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಅವುಗಳ ವೇಷ ಅರ್ಧ ಕಳಚಿಹೋಗುತ್ತದೆ. ಇಂಗ್ಲಿಷಿನ ಸೆನ್ಸಿಬಲ್, ಫ್ರೆಂಚಿನ ಸಾಂಸಿಬ್ಲ್. ಕಿವಿಗೆ ಎರಡೂ ಬೇರೆಯೇ. ರೋಮನ್ ಲಿಪಿಯಲ್ಲಿ ನೋಡಿದರೆ ಒಂದಕ್ಷರವೂ ವ್ಯತ್ಯಾಸ ಇಲ್ಲ! ಅಂದರೆ ಈ ಗೆಳೆಯರು ಮೋಸ ಮಾಡುವುದು ಕಿವಿಗಿಂತ ಕಣ್ಣಿಗೆ ಜಾಸ್ತಿ. ಮಾತು ಕೇಳುವಾಗ ತಪ್ಪದವರೂ ಪತ್ರ ಓದುವಾಗ ತಪ್ಪುತ್ತಾರೆ.

ಇವತ್ತಿಗೆ ಮೂರು ಪದ ಸಾಕು: ಲಿಬ್ರೇರಿ, ಅಕ್ತ್ಯುಎಲ್‌ಮಾಂ, ಸಾಂಸಿಬ್ಲ್. ಉದ್ದನೆಯ ಪಟ್ಟಿ ಬೇಕಾದವರಿಗೆ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಆದರೆ ಪಟ್ಟಿಯಲ್ಲಿ ಎಲ್ಲ ಪದಗಳೂ ಒಂದೇ ತೂಕದವು ಎನ್ನುವ ಹಾಗೆ ಕಾಣುತ್ತವೆ. ಹಾಗಿಲ್ಲ. ಕೆಲವು ಸುಳ್ಳು ಗೆಳೆಯರು ಕೂಡಲೇ ಸಿಕ್ಕಿಬೀಳುತ್ತಾರೆ. ಕೆಲವರು ವರ್ಷಗಟ್ಟಲೆ ಸಿಕ್ಕಿಬೀಳುವುದೇ ಇಲ್ಲ.

ಮೊದಲು ಲಿಬ್ರೇರಿ. ಇಂಗ್ಲಿಷಿನ ಲೈಬ್ರರಿ ಎಂದುಕೊಂಡು ಒಳಗೆ ಹೋಗುತ್ತೀರಿ, ಪುಸ್ತಕ ಕೈಗೆತ್ತಿಕೊಳ್ಳುತ್ತೀರಿ, ಹೊರಡುವಾಗ ದುಡ್ಡು ಕೇಳುತ್ತಾರೆ. ಲಿಬ್ರೇರಿ ಎಂದರೆ ಪುಸ್ತಕದಂಗಡಿ. ಗ್ರಂಥಾಲಯಕ್ಕೆ ಬಿಬ್ಲಿಯೊತೆಕ್ ಎನ್ನಬೇಕು. ಲಿಬ್ರೇರ್ ಎಂದರೆ ಅಂಗಡಿಯವರು, ಗ್ರಂಥಪಾಲಕರಲ್ಲ. ಈ ತಪ್ಪು ಸಾಮಾನ್ಯವಾಗಿ ಒಂದೇ ಸಲ ಆಗುತ್ತದೆ. ಎದುರಿಗೆ ನಿಂತ ಅಂಗಡಿಯೇ ತಿದ್ದಿಬಿಡುತ್ತದೆ.

ಇದರಲ್ಲಿ ತಪ್ಪು ದಾರಿಗೆ ಹೋದವರು ಯಾರು ಎಂದು ಕೇಳಿದರೆ ಉತ್ತರ ಸ್ವಲ್ಪ ಮಜವಾಗಿದೆ. ಇಂಗ್ಲಿಷರು ಅಲ್ಲ! 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ, ಅಲ್ಲಿನ ಆಸ್ಥಾನದಲ್ಲಿ, ನ್ಯಾಯಾಲಯದಲ್ಲಿ ಬಹಳ ಕಾಲ ಫ್ರೆಂಚೇ ನಡೆಯಿತು. ಸಾವಿರಾರು ಪದ ಇಂಗ್ಲಿಷಿಗೆ ಇಳಿದುಬಂದವು. ಆಗಿನ ಫ್ರೆಂಚಿನಲ್ಲಿ ಲಿಬ್ರೇರಿ ಎಂದರೆ ಪುಸ್ತಕ ಸಂಗ್ರಹವೇ, ಗ್ರಂಥಾಲಯವೇ. ಇಂಗ್ಲಿಷ್ ಆ ಅರ್ಥವನ್ನೇ ಎತ್ತಿಕೊಂಡಿತು, ಇವತ್ತಿಗೂ ಬಿಟ್ಟಿಲ್ಲ. 16ನೇ ಶತಮಾನದಲ್ಲಿ ಫ್ರೆಂಚ್ ಪ್ರಬಂಧಕಾರ ಮಾಂಟೇನ್ ತನ್ನ ಗೋಪುರದ ಪುಸ್ತಕದ ಕೋಣೆಯ ಬಗ್ಗೆ ಬರೆಯುವಾಗ ಅದನ್ನು ಲಿಬ್ರೇರಿ ಎಂದೇ ಕರೆಯುತ್ತಾನೆ. ಸುತ್ತ ಪುಸ್ತಕ, ಮೇಲಿನ ತೊಲೆಗಳ ಮೇಲೆ ಗ್ರೀಕ್ ಮತ್ತು ಲ್ಯಾಟಿನ್ ವಾಕ್ಯಗಳು. ಅಲ್ಲಿ ಯಾರೂ ಏನನ್ನೂ ಮಾರುತ್ತಿರಲಿಲ್ಲ. ಆಮೇಲೆ ಗ್ರೀಕ್ ಮೂಲದ ಬಿಬ್ಲಿಯೊತೆಕ್ ಆ ಜಾಗ ಹಿಡಿಯಿತು. ಲಿಬ್ರೇರಿಗೆ ಪುಸ್ತಕ ವ್ಯಾಪಾರವಷ್ಟೇ ಉಳಿಯಿತು. ಮನೆ ಬಿಟ್ಟು ಹೋದ ಮಗಳು ಹಳೆಯ ಪದ್ಧತಿ ಉಳಿಸಿಕೊಂಡಳು, ಮನೆಯಲ್ಲೇ ಇದ್ದವರು ಬದಲಾದರು ಎನ್ನುತ್ತಾರಲ್ಲ, ಹಾಗೆ.

ಈಗ ನನಗೆ ಹೆಚ್ಚು ಕಾಡುವ ಪದ: ಅಕ್ತ್ಯುಎಲ್‌ಮಾಂ.

ಇದಕ್ಕೆ ಅರ್ಥ ‘ಸದ್ಯಕ್ಕೆ’, ‘ಈಗ’, ‘ಪ್ರಸ್ತುತ’. ಇಂಗ್ಲಿಷಿನ ಆಕ್ಚುವಲಿ ಎಂದರೆ ‘ನಿಜ ಹೇಳಬೇಕೆಂದರೆ’. ಆ ಪದ ನಮ್ಮ ಕನ್ನಡ ಮಾತಿನಲ್ಲೂ ಹೊಕ್ಕು ಕೂತಿದೆ. “ಆಕ್ಚುಲಿ ಏನಾಯ್ತು ಅಂದ್ರೆ” ಎಂದು ಶುರು ಮಾಡದವರು ಯಾರಿದ್ದಾರೆ? ಹಾಗಾಗಿ ಕೈ ತಾನಾಗೇ ಅದೇ ಅರ್ಥಕ್ಕೆ ಹೋಗುತ್ತದೆ.

ತೊಂದರೆ ಏನು ಅಂದರೆ, ಇಲ್ಲಿ ತಪ್ಪು ಅರ್ಥವೂ ವಾಕ್ಯಕ್ಕೆ ಹೊಂದಿಕೊಳ್ಳುತ್ತದೆ. ‘ಇಲ್ ಎ ಅಕ್ತ್ಯುಎಲ್‌ಮಾಂ ದಿರೆಕ್ತರ್’ ಎಂಬ ವಾಕ್ಯ ತೆಗೆದುಕೊಳ್ಳಿ. ಸರಿಯಾದ ಅರ್ಥ, ‘ಅವರು ಸದ್ಯಕ್ಕೆ ನಿರ್ದೇಶಕರು’. ತಪ್ಪಾಗಿ ಓದಿದರೆ, ‘ಅವರು ನಿಜಕ್ಕೂ ನಿರ್ದೇಶಕರೇ’. ಎರಡೂ ಒಪ್ಪುವ ವಾಕ್ಯಗಳೇ. ಓದುವವರಿಗೆ ಎಲ್ಲೂ ಎಡವಿದ ಅನುಭವ ಆಗುವುದಿಲ್ಲ. ಆದರೆ ಮೊದಲನೆಯದು ಕಾಲದ ಬಗ್ಗೆ ಹೇಳುತ್ತಿದೆ. ಮುಂದೆ ಬೇರೆಯವರು ಬರಬಹುದು ಎಂಬ ಸುಳಿವೂ ಅದರಲ್ಲಿದೆ. ಎರಡನೆಯದರಲ್ಲಿ ಯಾರೋ ಅನುಮಾನ ಪಟ್ಟಿದ್ದರು, ಅದಕ್ಕೆ ಉತ್ತರ ಕೊಡುತ್ತಿದ್ದಾರೆ ಎಂಬ ಧಾಟಿ. ಕೇಳದ ಪ್ರಶ್ನೆಗೆ ಉತ್ತರ ಬಂದ ಹಾಗೆ.

ಮಾತಾಡುವಾಗಲೂ ಇದೇ ಕಥೆ. ಫ್ರೆಂಚ್ ಕಲಿಯುತ್ತಿರುವ ಇಂಗ್ಲಿಷ್ ಮಾತುಗಾರ ‘ಅಕ್ತ್ಯುಎಲ್‌ಮಾಂ, ನನಗೆ ಕಾಫಿ ಇಷ್ಟ ಇಲ್ಲ’ ಎನ್ನುತ್ತಾನೆ. ಅವನ ಮನಸ್ಸಿನಲ್ಲಿರುವುದು ‘ನಿಜ ಹೇಳಬೇಕೆಂದರೆ’. ಕೇಳಿದ ಫ್ರೆಂಚರಿಗೆ ಕೇಳಿಸುವುದು ‘ಇತ್ತೀಚೆಗೆ ನನಗೆ ಕಾಫಿ ಸೇರುತ್ತಿಲ್ಲ’. ಪಾಪ, ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡು ಸುಮ್ಮನಾಗುತ್ತಾರೆ. ವಾಕ್ಯ ಸರಿಯಾಗೇ ಇದೆಯಲ್ಲ, ತಿದ್ದುವವರು ಯಾರು? ಅವನು ಹೇಳಬೇಕಿದ್ದದ್ದು ‘ಆಂ ಫೆತ್’. ವಾಸ್ತವವಾಗಿ ಎಂಬುದಕ್ಕೆ ದಿನಬಳಕೆಯ ಪದ ಅದು.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಕ್ರಿಯಾಪದದ ಕಾಲ ನೋಡಿ. ಅಕ್ತ್ಯುಎಲ್‌ಮಾಂ ಸಾಮಾನ್ಯವಾಗಿ ವರ್ತಮಾನ ಕಾಲದ ಜೊತೆಗೆ ಕೂರುತ್ತದೆ. ‘ಅಕ್ತ್ಯುಎಲ್‌ಮಾಂ, ನಿನ್ನೆ ಆ ಸಿನಿಮಾ ನೋಡಿದೆ’ ಎಂದು ಯಾರಾದರೂ ಬರೆದಿದ್ದರೆ, ಬರೆದವರ ತಲೆಯಲ್ಲಿ ಇಂಗ್ಲಿಷ್ ಓಡುತ್ತಿತ್ತು ಎಂದೇ ಹೇಳಬಹುದು. ‘ಸದ್ಯಕ್ಕೆ ನಿನ್ನೆ ನೋಡಿದೆ’ ಎಂದ ಹಾಗೆ ಅದು. ನಾನು ತರಗತಿಯ ಬರಹ ತಿದ್ದುವಾಗ ಮೊದಲು ಹುಡುಕುವುದೇ ಭೂತಕಾಲದ ಪಕ್ಕದಲ್ಲಿ ನಿಂತ ಈ ಪದವನ್ನು. ವರ್ತಮಾನದ ಜೊತೆ ಬಂದರೆ ಮಾತ್ರ ನನಗೂ ಗೊತ್ತಾಗುವುದಿಲ್ಲ. ಬರೆದವರನ್ನೇ ಕೇಳಬೇಕು.

ಈ ಪದದ ಚರಿತ್ರೆ ಲಿಬ್ರೇರಿಯ ಹಾಗೆ ಸರಳ ಅಲ್ಲ. ಲ್ಯಾಟಿನ್ನಿನಲ್ಲಿ ‘ಆಕ್ತುಸ್’ ಎಂದರೆ ಕೆಲಸ, ಕ್ರಿಯೆ. ಅರಿಸ್ಟಾಟಲನನ್ನು ಓದಿದ ಮಧ್ಯಯುಗದ ಪಂಡಿತರಿಗೆ ಒಂದು ಭೇದ ಬೇಕಿತ್ತು: ಬೀಜದೊಳಗೆ ಮರ ಆಗುವ ಶಕ್ತಿ ಇದೆ, ಆದರೆ ಎದುರಿಗೆ ನಿಂತ ಮರ ಈಗಾಗಲೇ ಆಗಿಬಿಟ್ಟದ್ದು. ಆ ‘ಆಗಿರುವ’ ಸ್ಥಿತಿಗೆ ಈ ಬೇರಿನ ಪದ ಬಳಸಿದರು. ಈಗ ಯೋಚಿಸಿ. ಎದುರಿಗೆ ನಿಂತ ಮರ ನಿಜವಾದದ್ದೂ ಹೌದು, ಈಗ ಇರುವುದೂ ಹೌದು. ಇಂಗ್ಲಿಷ್ ‘ನಿಜ’ದ ಕಡೆಗೆ ನಡೆಯಿತು. ಫ್ರೆಂಚ್ ‘ಈಗ’ದ ಕಡೆಗೆ ನಡೆಯಿತು. ಹಾಗಾಗಿ ಸುದ್ದಿಗಳಿಗೆ ಫ್ರೆಂಚಿನಲ್ಲಿ ‘ಅಕ್ತ್ಯುಅಲಿತೆ’ ಎನ್ನುತ್ತಾರೆ, ಈಗ ನಡೆಯುತ್ತಿರುವುದು ಅಂತ. ಇಬ್ಬರೂ ಕೂಡಿ ಉಳಿದಿರುವ ಒಂದು ಹಳೆಯ ಮೂಲೆಯೂ ಇದೆ. ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಹುಟ್ಟಿನಿಂದ ಬಂದ ಪಾಪ ಬೇರೆ, ಮನುಷ್ಯ ತಾನೇ ಮಾಡಿದ ಪಾಪ ಬೇರೆ. ಎರಡನೆಯದಕ್ಕೆ ಎರಡೂ ಭಾಷೆಯಲ್ಲಿ ಇದೇ ವಿಶೇಷಣ, ಅರ್ಥವೂ ಒಂದೇ. ಅಲ್ಲಿ ‘ಈಗಿನ ಪಾಪ’ ಎಂದು ಅನುವಾದಿಸಿದರೆ ಅದೇ ತಪ್ಪು!

ಇಲ್ಲಿ ಒಂಟಿಯಾಗಿರುವುದು ಫ್ರೆಂಚ್ ಎಂದುಕೊಳ್ಳಬೇಡಿ. ಸ್ಪ್ಯಾನಿಷ್, ಇಟಾಲಿಯನ್, ಪೋರ್ಚುಗೀಸ್, ಕೊನೆಗೆ ಜರ್ಮನ್ ಕೂಡ ಈ ಬೇರಿನ ಪದವನ್ನು ‘ಸದ್ಯದ’ ಎಂಬ ಅರ್ಥದಲ್ಲೇ ಬಳಸುತ್ತವೆ. ಗುಂಪಿನಿಂದ ಹೊರಗೆ ನಿಂತಿರುವುದು ಇಂಗ್ಲಿಷ್. ನಾವು ಕಲಿಯುವಾಗ ‘ಫ್ರೆಂಚ್ ಪದ ಮೋಸ ಮಾಡಿತು’ ಎನ್ನುತ್ತೇವೆ. ಆ ಪದದ ಕಡೆಯಿಂದ ನೋಡಿದರೆ ಕಥೆ ಬೇರೆ.

ಇದಕ್ಕೊಬ್ಬ ತಮ್ಮ ಇದ್ದಾನೆ, ಎವಾಂತ್ಯುಎಲ್‌ಮಾಂ. ಇಂಗ್ಲಿಷಿನ ಇವೆಂಚುವಲಿ ಎಂದರೆ ‘ಕೊನೆಗೂ’, ‘ತಡವಾದರೂ ಆಗೇ ಆಗುತ್ತದೆ’. ಫ್ರೆಂಚಿನದು ‘ಆದರೆ ಆಯ್ತು’, ‘ಸಂದರ್ಭ ಬಂದರೆ’. ಒಂದು ಭರವಸೆ ಕೊಡುತ್ತದೆ, ಇನ್ನೊಂದು ಭರವಸೆ ಕೊಡದೆ ಜಾರಿಕೊಳ್ಳುತ್ತದೆ. ಇವನಿಗೆ ನಾನು ಅಣ್ಣನಿಗಿಂತ ಜಾಸ್ತಿ ಹೆದರುತ್ತೇನೆ. ಯಾಕೆ ಎಂಬುದು ಮುಂದೆ ಹೇಳುವ ಒಂದು ಪತ್ರದ ಕಥೆಯಲ್ಲಿ ಬರುತ್ತದೆ.

ಸಾಂಸಿಬ್ಲ್ ಬಗ್ಗೆ ಒಂದು ತಮಾಷೆಯ ಸಂಗತಿ. ಕನ್ನಡದವರು ಇಂಗ್ಲಿಷನ್ನು ಬದಿಗಿಟ್ಟರೆ ಇದು ತೀರಾ ಸುಲಭ. ನಮ್ಮ ‘ಸೂಕ್ಷ್ಮ’ ಹಾಕಿ ನೋಡಿ. ಸೂಕ್ಷ್ಮ ಮನಸ್ಸಿನ ಹುಡುಗ, ಸೂಕ್ಷ್ಮ ಚರ್ಮ, ಸೂಕ್ಷ್ಮ ವಿಷಯ, ಸೂಕ್ಷ್ಮವಾದ ತಕ್ಕಡಿ. ನಾಲ್ಕೂ ಕಡೆ ಫ್ರೆಂಚರು ಸಾಂಸಿಬ್ಲ್ ಎಂದೇ ಹೇಳುತ್ತಾರೆ. ಇಂಗ್ಲಿಷಿನ ಸೆನ್ಸಿಬಲ್ ಹಾಕಿದರೆ ‘ವಿವೇಕಿ ಚರ್ಮ’ ಬರುತ್ತದೆ. ಚರ್ಮದ ವಿಷಯದಲ್ಲಿ ಯಾರೂ ಮೋಸ ಹೋಗುವುದಿಲ್ಲ. ಮೋಸ ಹೋಗುವುದು ಮನುಷ್ಯರ ವಿಷಯದಲ್ಲಿ. ‘ಅವಳು ತುಂಬಾ ಸಾಂಸಿಬ್ಲ್’ ಎಂದರೆ ಬೇಗ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು. ಇಂಗ್ಲಿಷ್ ಓದುಗರಿಗೆ ಅದು ‘ತುಂಬಾ ತಿಳಿವಳಿಕಸ್ಥೆ’ ಎಂದು ಕಾಣುತ್ತದೆ. ಒಬ್ಬರ ಬಗ್ಗೆ ಎರಡೂ ಮಾತು ಹೇಳಬಹುದು, ಅಲ್ವಾ? ಅಲ್ಲಿಗೆ ಸಿಕ್ಕಿಬೀಳುವ ದಾರಿ ಮುಚ್ಚಿಹೋಯಿತು. ವಿವೇಕಿ ಎನ್ನಬೇಕಾದರೆ ಫ್ರೆಂಚಿನಲ್ಲಿ ರೆಜೊನಾಬ್ಲ್ ಅಥವಾ ಸಾಂಸೆ.

ಇಂಗ್ಲಿಷಿನಲ್ಲೂ ಮೊದಮೊದಲು ಈ ‘ವಿವೇಕ’ದ ಅರ್ಥ ಮುಖ್ಯವಾಗಿರಲಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಅದನ್ನು ಕೆಳದರ್ಜೆಯ ಆಡುಮಾತಿನ ಅರ್ಥ ಎಂದು ಕೊನೆಗೆ ತಳ್ಳಿದ್ದಾನೆ. ಮೇಲೆ ಕೊಟ್ಟಿರುವುದೆಲ್ಲ ಇಂದ್ರಿಯಗಳಿಗೆ ತಿಳಿಯುವುದು, ಅನುಭವಿಸುವುದು ಇತ್ಯಾದಿ. ಅಂದರೆ ಫ್ರೆಂಚಿಗೆ ಹತ್ತಿರದವು. ಹಳೆಯ ಅರ್ಥದ ಒಂದು ತುಂಡನ್ನು ನೀವೆಲ್ಲ ಶಾಲೆಯಲ್ಲಿ ನೋಡಿದ್ದೀರಿ. ಭೌತಶಾಸ್ತ್ರದ ಸೆನ್ಸಿಬಲ್ ಹೀಟ್. ನೀರನ್ನು ಕಾಯಿಸಿದಾಗ ಥರ್ಮಾಮೀಟರ್ ಏರುತ್ತದಲ್ಲ, ಆ ಅರಿವಿಗೆ ಬರುವ ಶಾಖ. ಕುದಿಯುವಾಗ ಥರ್ಮಾಮೀಟರ್ ನಿಂತಲ್ಲೇ ನಿಂತಿದ್ದರೂ ಒಳಗೆ ಸೇರುತ್ತಿರುವುದು ಅಡಗಿದ ಶಾಖ. ‘ವಿವೇಕಿ ಶಾಖ’ ಎಂದು ಯಾರೂ ಬರೆದುಕೊಳ್ಳಲಿಲ್ಲ. ಆದರೂ ಆ ಪದ ಅಲ್ಲಿ ಏಕೆ ಇದೆ ಎಂದು ನಾನಂತೂ ಶಾಲೆಯಲ್ಲಿ ಕೇಳಿರಲಿಲ್ಲ.

ಈ ‘ಅರಿವಿಗೆ ಬರುವ’ ಅರ್ಥ ಫ್ರೆಂಚಿನಲ್ಲಿ ಇನ್ನೂ ಜೀವಂತ. ಬೆಲೆಯಲ್ಲಿ ಸಾಂಸಿಬ್ಲ್ ಏರಿಕೆ ಎಂದರೆ ಎದ್ದು ಕಾಣುವಷ್ಟು ಏರಿಕೆ. ಇಲ್ಲಿ ನಮ್ಮ ‘ಸೂಕ್ಷ್ಮ’ ಕೈಕೊಡುತ್ತದೆ. ‘ಸೂಕ್ಷ್ಮ ಏರಿಕೆ’ ಎಂದರೆ ಕನ್ನಡದಲ್ಲಿ ಚೂರೇಚೂರು ಏರಿಕೆ, ಪೂರಾ ಉಲ್ಟಾ! ಇದರದೇ ಕ್ರಿಯಾವಿಶೇಷಣ ಸಾಂಸಿಬ್ಲೆಮಾಂ ಇನ್ನೂ ಕಿತಾಪತಿ. ‘ಸಾಂಸಿಬ್ಲೆಮಾಂ ಹೆಚ್ಚಾಗಿದೆ’ ಎಂದರೆ ಗಮನಾರ್ಹವಾಗಿ ಹೆಚ್ಚಾಗಿದೆ. ‘ಸಾಂಸಿಬ್ಲೆಮಾಂ ಸಮ’ ಎಂದರೆ ಹೆಚ್ಚುಕಡಿಮೆ ಸಮ. ಒಂದೇ ಪದ ಒಮ್ಮೆ ದೊಡ್ಡ ವ್ಯತ್ಯಾಸ ಹೇಳುತ್ತದೆ, ಇನ್ನೊಮ್ಮೆ ವ್ಯತ್ಯಾಸವೇ ಇಲ್ಲ ಎನ್ನುತ್ತದೆ. ಬೇರು ಹಿಡಿದು ನೋಡಿದರೆ ಗೊಂದಲ ಇಲ್ಲ. ಕಣ್ಣಿಗೆ ಕಾಣುವಷ್ಟು ಹೆಚ್ಚು, ಕಣ್ಣಿಗೆ ಕಾಣುವ ಮಟ್ಟಿಗೆ ಸಮ.

ಈಗ ಪತ್ರ. ತರಗತಿಗೆಂದು ನಾನೇ ಹೆಣೆದದ್ದು. ಒಬ್ಬ ಸಂಶೋಧಕ ಫ್ರಾನ್ಸಿನ ಒಂದು ವಸ್ತುಸಂಗ್ರಹಾಲಯದಲ್ಲಿ ಹಳೆಯ ರೇಖಾಚಿತ್ರಗಳನ್ನು ನೋಡಬೇಕು ಎಂದು ಬರೆದಿದ್ದಾನೆ. ಉತ್ತರ ಬಂದಿದೆ. ನಾಲ್ಕೇ ವಾಕ್ಯ. ಕನ್ನಡದಲ್ಲಿ ಹೀಗೆ: ‘ಈ ಚಿತ್ರಗಳಿಗೆ ಬೆಳಕು ತಾಕಿದರೆ ಹಾಳಾಗುತ್ತವೆ. ಸಂಗ್ರಹದ ಮೇಲ್ವಿಚಾರಕಿ ಸದ್ಯಕ್ಕೆ ಹೊರಗೆ ಕೆಲಸದ ಮೇಲೆ ಹೋಗಿದ್ದಾರೆ. ಅನುಕೂಲವಾದರೆ ಅವರು ನಿಮ್ಮನ್ನು ಗುರುವಾರ ಭೇಟಿಯಾಗಬಹುದು. ವಸ್ತುಸಂಗ್ರಹಾಲಯದ ಪುಸ್ತಕದಂಗಡಿ ಎಲ್ಲ ದಿನವೂ ತೆರೆದಿರುತ್ತದೆ.’

ಫ್ರೆಂಚ್ ಮೂಲದಲ್ಲಿ ಚಿತ್ರಗಳು ಬೆಳಕಿಗೆ ಸಾಂಸಿಬ್ಲ್. ಯಾರೂ ಇಲ್ಲಿ ಎಡವಲಿಲ್ಲ. ವಿವೇಕಿ ಚಿತ್ರ ಇರುವುದಿಲ್ಲ. ಮೇಲ್ವಿಚಾರಕಿ ಎಂಬುದಕ್ಕೆ ಇರುವ ಪದ ಕೊನ್ಸೆರ್ವಾತ್ರಿಸ್. ನೋಡಲು ಇಂಗ್ಲಿಷಿನ ಕನ್ಸರ್ವೇಟಿವ್ ಹಾಗಿದೆ. ‘ಸಂಪ್ರದಾಯವಾದಿ ಹೆಂಗಸು ಹೊರಗೆ ಹೋಗಿದ್ದಾಳೆ’ ಎಂದು ಬಂದದ್ದೇ ತಡ, ಎಲ್ಲರೂ ನಕ್ಕು ನಿಘಂಟು ತೆಗೆದರು. ಅಂದರೆ ವಿಚಿತ್ರವಾಗಿ ಕಂಡ ಪದಗಳು ತಾವೇ ತಮ್ಮನ್ನು ಬಿಟ್ಟುಕೊಟ್ಟವು.

ಉಳಿದ ಮೂರರಲ್ಲಿ ಯಾರೂ ನಿಘಂಟು ತೆಗೆಯಲಿಲ್ಲ. ಅಕ್ತ್ಯುಎಲ್‌ಮಾಂ ಇದ್ದ ವಾಕ್ಯ ‘ಅವರು ನಿಜಕ್ಕೂ ಹೊರಗೆ ಹೋಗಿದ್ದಾರೆ’ ಆಯಿತು. ಸ್ವಲ್ಪ ಒರಟಾದ ಉತ್ತರ ಎನಿಸಿತು, ಅಷ್ಟೇ. ಒಬ್ಬ ಹುಡುಗ “ಇವರಿಗೆ ನಾವು ಬರೋದು ಇಷ್ಟ ಇಲ್ಲ ಅನ್ಸುತ್ತೆ ಮೇಡಂ” ಎಂದ. ಪತ್ರದಲ್ಲಿ ಒರಟುತನ ಇರಲೇ ಇಲ್ಲ. ಅನುವಾದ ತಂದು ಹಾಕಿತ್ತು. ಎವಾಂತ್ಯುಎಲ್‌ಮಾಂ ಇದ್ದದ್ದು ‘ಕೊನೆಗೂ ಗುರುವಾರ ಭೇಟಿಯಾಗುತ್ತಾರೆ’ ಆಯಿತು. ಖಾತ್ರಿಯಿಲ್ಲದ ಗುರುವಾರ ಖಾತ್ರಿ ಆಗಿಹೋಯಿತು. ಇಲ್ಲಿ ಇನ್ನೊಂದು ಸುಳಿವು ಇತ್ತು, ಯಾರೂ ನೋಡಲಿಲ್ಲ. ಇಂಗ್ಲಿಷಿನ ಇವೆಂಚುವಲಿ ಗೊತ್ತಾದ ಒಂದು ದಿನದ ಜೊತೆಗೆ ಅಷ್ಟಾಗಿ ಹೊಂದುವುದಿಲ್ಲ. ‘ಎಂದಾದರೊಂದು ದಿನ, ಈ ಗುರುವಾರ’ ಎಂದ ಹಾಗೆ ಕೇಳಿಸುತ್ತದೆ. ಆ ಸಣ್ಣ ಕಿರಿಕಿರಿ ಕಿವಿಗೆ ಬಿದ್ದಿದ್ದರೆ ಅಲ್ಲೇ ನಿಲ್ಲಬಹುದಿತ್ತು.

ಕೊನೆಯದು ಲಿಬ್ರೇರಿ. ಕೂಡಲೇ ಸಿಕ್ಕಿಬೀಳುವ ಪದ ಎಂದೆನಲ್ಲ, ಅದು ಬೀದಿಯಲ್ಲಿ. ವಸ್ತುಸಂಗ್ರಹಾಲಯದಲ್ಲಿ ಪುಸ್ತಕದಂಗಡಿಯೂ ಇರುತ್ತದೆ, ಎಷ್ಟೋ ಕಡೆ ಗ್ರಂಥಾಲಯವೂ ಇರುತ್ತದೆ. ‘ಗ್ರಂಥಾಲಯ ಎಲ್ಲ ದಿನವೂ ತೆರೆದಿರುತ್ತದೆ’ ಎಂಬುದು ಸಂಶೋಧಕನಿಗೆ ಬರೆದ ಪತ್ರದಲ್ಲಿ ಎಷ್ಟು ಸಹಜವಾಗಿ ಕೂರುತ್ತದೆ ನೋಡಿ. ಹೀಗಾಗಿ ಯಾವ ಪದ ಅಪಾಯದ್ದು ಎಂದು ಪದವನ್ನಷ್ಟೇ ನೋಡಿ ಹೇಳಲು ಆಗುವುದಿಲ್ಲ. ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. ತಪ್ಪು ಅರ್ಥಕ್ಕೆ ಕೂರಲು ಜಾಗ ಸಿಕ್ಕಿದ ಕಡೆಯಲ್ಲೆಲ್ಲ ಅದು ಕೂತುಬಿಡುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: “ಹಾಗಾದರೆ ಪ್ರತಿ ಪದಕ್ಕೂ ನಿಘಂಟು ನೋಡಬೇಕಾ ಮೇಡಂ?” ಬೇಡ. ಅದು ಯಾರಿಂದಲೂ ಆಗದ ಕೆಲಸ. ನಾನು ಮಾಡುವುದು ಇಷ್ಟು. ಇಂಗ್ಲಿಷಿನ ಹಾಗೆ ಕಂಡ ಫ್ರೆಂಚ್ ಪದಕ್ಕೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇಂಗ್ಲಿಷ್ ಅರ್ಥ ಬರೆಯುವುದೇ ಇಲ್ಲ. ಕನ್ನಡದಲ್ಲಿ ಬರೆಯುತ್ತೇನೆ. ಅಕ್ತ್ಯುಎಲ್‌ಮಾಂ, ಸದ್ಯಕ್ಕೆ. ಎವಾಂತ್ಯುಎಲ್‌ಮಾಂ, ಆದರೆ ಆಯ್ತು. ಸಾಂಸಿಬ್ಲ್, ಸೂಕ್ಷ್ಮ, ಆದರೆ ಏರಿಕೆ ಇಳಿಕೆಯ ಮಾತು ಬಂದಾಗ ಎದ್ದು ಕಾಣುವ. ನಡುವೆ ಇಂಗ್ಲಿಷ್ ಇಲ್ಲದಿದ್ದರೆ ಗೆಳೆಯನ ಹಾಗೆ ಕಾಣುವ ಮುಖವೇ ಎದುರಿಗೆ ಬರುವುದಿಲ್ಲ.

ಅವರು ಮತ್ತೆ ಕೇಳಿದರು: “ಫ್ರೆಂಚರು ಇಂಗ್ಲಿಷ್ ಮಾತಾಡುವಾಗ?” ಅದೇ ಹಳ್ಳ, ಆಚೆ ದಡದಿಂದ. ‘ಐ ಆಮ್ ಆಕ್ಚುವಲಿ ವರ್ಕಿಂಗ್ ಇನ್ ಪ್ಯಾರಿಸ್’ ಎನ್ನುತ್ತಾರೆ. ಹೇಳಬೇಕೆಂದಿರುವುದು ಸದ್ಯಕ್ಕೆ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದೇನೆ ಎಂದು. ಕೇಳಿದ ಇಂಗ್ಲಿಷರು ಒಂದು ಕ್ಷಣ ತಡವರಿಸುತ್ತಾರೆ. ಅಲ್ಲ, ಇವರು ಪ್ಯಾರಿಸ್ಸಿನಲ್ಲಿ ಇಲ್ಲ ಎಂದು ನಾನು ಯಾವಾಗ ಹೇಳಿದೆ?